‘ಸಂಗ್ರಹ ಅಳಿಸಿ’ ಎಂದರೆ ಯಾವ ಬಟನ್? ಸ್ಕ್ರೀನ್‌ಶಾಟ್ ನೋಡಿ ಕನ್ನಡದಲ್ಲಿ ಸೂಚನೆ ಬರೆಯುವ ತೊಡಕು

ರೇಖಾ_ಹಾನಗಲ್

ಮನೆಮನೆ ಸಮೀಕ್ಷೆ ಮಾಡುವ ಕಾರ್ಯಕರ್ತೆಯರಿಗಾಗಿ ಒಂದು ಪುಟದ ಸೂಚನಾಪತ್ರ ಬರೆಯಬೇಕಾಗಿದೆ. ಅವರು ಬಳಸುವ ಆ್ಯಪ್‌ನ ಹೆಸರು ಇಲ್ಲಿ ಬೇಡ. ಆ್ಯಪ್ ಪೂರ್ತಿ ಇಂಗ್ಲಿಷ್‌ನಲ್ಲಿದೆ, ಕನ್ನಡದ ಆಯ್ಕೆಯೇ ಇಲ್ಲ. ಆದರೆ ಫೋನುಗಳ ಕಥೆ ಬೇರೆ: ಕೆಲವರ ಫೋನ್ ಇಂಗ್ಲಿಷ್‌ನಲ್ಲಿದೆ, ಕೆಲವರು ಮಕ್ಕಳಿಗೆ ಹೇಳಿ ಕನ್ನಡಕ್ಕೆ ಬದಲಾಯಿಸಿಕೊಂಡಿದ್ದಾರೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ತುಂಬಿದ ನಮೂನೆಗಳು ಫೋನಿನಲ್ಲೇ ಕುಳಿತಿರುತ್ತವೆ. ಸಂಜೆ ಮನೆಗೆ ಬಂದು ‘Sync now’ ಒತ್ತಿದಾಗ ಮೇಲಕ್ಕೆ ಹೋಗುತ್ತವೆ. ಈಗ ಪದೇ ಪದೇ ಬರುತ್ತಿರುವ ದೋಷಸಂದೇಶ ಇದು:

```
Unable to sync. 14 records pending.
Clear app cache and retry.
```

ಮೇಲಿನವರು ಮೊದಲೇ ಒಂದು ಸೂಚನಾಪತ್ರ ಹಂಚಿದ್ದರು. ಅದರಲ್ಲಿ ಎರಡನೆಯ ಸಾಲನ್ನು ‘ಆ್ಯಪ್‌ನ ಸಂಗ್ರಹವನ್ನು ಅಳಿಸಿ ಮತ್ತೆ ಪ್ರಯತ್ನಿಸಿ’ ಎಂದು ಅನುವಾದಿಸಲಾಗಿತ್ತು. ಒಬ್ಬ ಕಾರ್ಯಕರ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಫೋನಿನ ಸೆಟ್ಟಿಂಗ್‌ಗಳಿಗೆ ಹೋಗಿದ್ದಾರೆ. ಅವರ ಫೋನ್ ಕನ್ನಡದಲ್ಲಿತ್ತು. ಪರದೆಯ ಮೇಲೆ ‘ಸಂಗ್ರಹಣೆ’ ಎಂದು ಆರಂಭವಾಗುವ ಬಟನ್ ಕಂಡಿದೆ, ಒತ್ತಿದ್ದಾರೆ. ಕಳುಹಿಸದೆ ಉಳಿದಿದ್ದ ನಮೂನೆಗಳೆಲ್ಲ ಹೋದವು, ಲಾಗಿನ್ ಕೂಡ ಹೋಯಿತು. ಆ ಮನೆಗಳಿಗೆ ಮತ್ತೆ ನಡೆಯಬೇಕಾಯಿತು.

ಹೊಸ ಪತ್ರ ನಾನು ಬರೆಯಬೇಕು. ಕೈಯಲ್ಲಿರುವುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಸುಕು ಮಸುಕಾದ ಕೆಲವು ಸ್ಕ್ರೀನ್‌ಶಾಟ್‌ಗಳು. ಬಟನ್‌ಗಳ ಹೆಸರನ್ನು ಅನುವಾದಿಸಬೇಕೇ, ಇಂಗ್ಲಿಷ್‌ನಲ್ಲೇ ಬಿಡಬೇಕೇ? ಬಲ್ಲವರು ಹೇಳಿ.

---

ನಿರಂಜನ_ಬಿ

ಇದಕ್ಕೆ ಇಷ್ಟು ಚಿಂತೆ ಏಕೆ ಮೇಡಂ? ಫೋನಿನ ಕ್ಯಾಮೆರಾ ಅನುವಾದ ತೆರೆದು ಸ್ಕ್ರೀನ್‌ಶಾಟ್ ತೋರಿಸಿ. ಇಂಗ್ಲಿಷ್ ಅಕ್ಷರಗಳ ಮೇಲೆಯೇ ಕನ್ನಡ ಬಂದು ಕೂರುತ್ತದೆ. ಆ ಚಿತ್ರವನ್ನೇ ಪತ್ರದಲ್ಲಿ ಅಂಟಿಸಿ. ನಾನು ವಾಷಿಂಗ್ ಮೆಷಿನ್‌ನ ಕೈಪಿಡಿಗೆ ಹಾಗೆಯೇ ಮಾಡಿದ್ದೆ, ಎಲ್ಲ ಅರ್ಥವಾಯಿತು.

---

ಅಕ್ಷರಪಾಲಕ

ನಿರಂಜನ ಅವರೇ, ನಿಮಗೆ ಬೇಕಿದ್ದುದು ಅರ್ಥ. ರೇಖಾ ಅವರಿಗೆ ಬೇಕಿರುವುದು ಹೊಂದಾಣಿಕೆ. ಕ್ಯಾಮೆರಾ ಅನುವಾದ ಹುಟ್ಟಿಸುವ ಕನ್ನಡ ಆ ಚಿತ್ರದಲ್ಲಿ ಮಾತ್ರ ಇರುತ್ತದೆ, ಜಗತ್ತಿನ ಯಾವ ಫೋನಿನ ಪರದೆಯಲ್ಲೂ ಇರುವುದಿಲ್ಲ. ಪತ್ರದಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು ಹೆಸರು ಇದ್ದರೆ ಓದುವವರು ಅತ್ಯಂತ ಹತ್ತಿರದಂತೆ ಕಾಣುವುದನ್ನು ಒತ್ತುತ್ತಾರೆ. ನಿಮ್ಮ ಕಾರ್ಯಕರ್ತೆ ಮಾಡಿದ್ದು ಅದನ್ನೇ. cache ಎಂಬ ಅರ್ಥದ ‘ಸಂಗ್ರಹ’ ಹುಡುಕಿದರು, storage ಎಂಬ ಅರ್ಥದ ‘ಸಂಗ್ರಹಣೆ’ ಸಿಕ್ಕಿತು. ಅವರದು ತಪ್ಪೇ ಅಲ್ಲ.

ರೇಖಾ ಅವರೇ, ಅನುವಾದಕ್ಕೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಸ್ಕ್ರೀನ್‌ಶಾಟ್‌ನಲ್ಲೂ ಯಾವ ಅಕ್ಷರಗಳು ಆ್ಯಪ್‌ನವು, ಯಾವುವು ಫೋನಿನವು ಎಂದು ಗುರುತು ಹಾಕಿ. ನಿಮ್ಮ ಸೂಚನೆ ಆ್ಯಪ್‌ನಲ್ಲಿ ಶುರುವಾಗಿ, ಫೋನಿನ ಸೆಟ್ಟಿಂಗ್‌ಗಳಿಗೆ ಹೋಗಿ, ಮತ್ತೆ ಆ್ಯಪ್‌ಗೆ ಮರಳುತ್ತದೆ. ಈ ಎರಡರ ಭಾಷೆ ಒಂದೇ ಆಗಿರಬೇಕಿಲ್ಲ, ನಿಮ್ಮಲ್ಲಂತೂ ಅಲ್ಲವೇ ಅಲ್ಲ. ‘Sync now’ ಎಂಬುದು ಎಲ್ಲರ ಫೋನಿನಲ್ಲೂ ಇಂಗ್ಲಿಷ್‌ನಲ್ಲೇ ಕಾಣುತ್ತದೆ, ಹಾಗಾಗಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಅಚ್ಚು ಹಾಕಬೇಕು. ಸೆಟ್ಟಿಂಗ್‌ಗಳ ಒಳಗಿನ ಬಟನ್‌ಗಳು ಕೆಲವರಿಗೆ ಇಂಗ್ಲಿಷ್‌ನಲ್ಲಿ, ಕೆಲವರಿಗೆ ಕನ್ನಡದಲ್ಲಿ ಕಾಣುತ್ತವೆ. ಅಲ್ಲಿ ಎರಡನ್ನೂ ಕೊಡಬೇಕು. ಕೊಡುವ ಕನ್ನಡ ನೀವು ಅನುವಾದಿಸಿದ್ದಾಗಿರಬಾರದು, ಫೋನಿನಿಂದ ನಕಲು ಮಾಡಿದ್ದಾಗಿರಬೇಕು. ಆಂಡ್ರಾಯ್ಡ್‌ಗೆ ಕನ್ನಡ ಬಂದದ್ದು 2014ರ 5.0 ಆವೃತ್ತಿಯಲ್ಲಿ. ಸರಿಯೋ ತಪ್ಪೋ, ಅಲ್ಲಿಂದೀಚೆಗೆ ಆ ಬಟನ್‌ಗಳಿಗೆ ಯಾರೋ ಕನ್ನಡದ ಹೆಸರು ಇಟ್ಟಾಗಿದೆ. ನಮಗೆ ಇನ್ನೂ ಚೆಂದದ ಪದ ಹೊಳೆಯಬಹುದು, ಆದರೆ ಈ ಪತ್ರ ಅದಕ್ಕೆ ಜಾಗವಲ್ಲ.

---

ಶಿವಮೊಗ್ಗದ_ಮೇಷ್ಟ್ರು

ಇದನ್ನು ನಾನು ಒಪ್ಪುವುದಿಲ್ಲ. ಕನ್ನಡದ ಸೂಚನಾಪತ್ರದಲ್ಲಿ ಸಾಲಿಗೆರಡು ಇಂಗ್ಲಿಷ್ ಪದ ಇದ್ದರೆ ಅದು ಕನ್ನಡದ್ದು ಹೇಗಾದೀತು? ಕಾರ್ಯಕರ್ತೆಯರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಓದಲು ಕಷ್ಟ. ‘Sync now’ ಎಂದು ಹಾಗೆಯೇ ಬರೆದರೆ ಅವರಿಗೆ ಅದು ಚಿತ್ರಲಿಪಿ. ‘ಈಗ ಹೊಂದಿಸು’ ಎಂದು ಬರೆಯಿರಿ, ಗುಂಡಿಯ ಬಣ್ಣ ಮತ್ತು ಜಾಗ ಹೇಳಿ. ‘ಕೆಳಗಿನ ನೀಲಿ ಗುಂಡಿ’, ‘ಎಡಗಡೆಯ ಗುಂಡಿ’ ಎಂದರೆ ಯಾರಿಗೆ ತಿಳಿಯುವುದಿಲ್ಲ?

---

ಅಕ್ಷರಪಾಲಕ

ಮೇಷ್ಟ್ರೇ, ಅರ್ಥ ಬೇಡ ಎಂದು ನಾನು ಹೇಳಲಿಲ್ಲ. ಅರ್ಥ ಬೇಕು, ಆದರೆ ಅದು ಹೆಸರಿನ ಜಾಗದಲ್ಲಿ ಕೂರಬಾರದು. ‘Sync now’ ಎಂಬ ಬಟನ್ ಒತ್ತಿ, ಇದು ತುಂಬಿದ ನಮೂನೆಗಳನ್ನು ಮೇಲಕ್ಕೆ ಕಳುಹಿಸುತ್ತದೆ ಎಂದು ಬರೆದರೆ ಎರಡೂ ಆಯಿತು. ಇಂಗ್ಲಿಷ್ ಓದಲು ಬಾರದವರಿಗೆ ‘ಸಿಂಕ್ ನೌ’ ಎಂಬ ಉಚ್ಚಾರಣೆಯೂ ಇರಲಿ. ಫೋನ್‌ನಲ್ಲಿ ಇನ್ನೊಬ್ಬರಿಗೆ ಹೇಳುವಾಗ ಉಪಯೋಗಕ್ಕೆ ಬರುತ್ತದೆ. ಅವರು ಪತ್ರದ ಅಕ್ಷರಗಳನ್ನು ಪರದೆಯ ಅಕ್ಷರಗಳ ಪಕ್ಕ ಇಟ್ಟು ಆಕಾರ ಹೋಲಿಸುತ್ತಾರೆ. ಓದಲು ಬಾರದಿದ್ದರೂ ಹೋಲಿಸಲು ಬರುತ್ತದೆ. ‘ಈಗ ಹೊಂದಿಸು’ ಎಂದು ಬರೆದರೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಜಾಗ ಹೇಳುವುದು ಒಳ್ಳೆಯದೇ, ಎರಡನೆಯ ಸುಳಿವಾಗಿ. ಅದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಮೊಬೈಲ್ ಅಂಗಡಿಯವರು ನನಗಿಂತ ಚೆನ್ನಾಗಿ ಹೇಳಬಲ್ಲರು.

---

ಚಿತ್ರಾ_ರಾಣೆಬೆನ್ನೂರು

ಅಂಗಡಿಯವಳು ಬಂದೆ. ರೇಖಾ ಅಕ್ಕ, ಕಾರ್ಯಕರ್ತೆಯರ ಬಳಿ ಇರುವುದು ಯಾವ ಕಂಪನಿಯ ಫೋನುಗಳು ಎಂದು ಮೊದಲು ಕೇಳಿಕೊಳ್ಳಿ. ಪಿಕ್ಸೆಲ್‌ನಂತಹ ಫೋನಿನಲ್ಲಿ ಆ್ಯಪ್‌ನ ಮಾಹಿತಿಗೆ ಹೋಗಿ ‘Storage & cache’ ತೆರೆದರೆ ಎರಡು ಬಟನ್ ಇರುತ್ತವೆ: ‘Clear storage’ ಮತ್ತು ‘Clear cache’. ಸ್ಯಾಮ್‌ಸಂಗ್‌ನಲ್ಲಿ ಅದೇ ಜಾಗದ ಹೆಸರು ‘Storage’, ಬಟನ್‌ಗಳು ‘Clear data’ ಮತ್ತು ‘Clear cache’. ಅಂದರೆ ಅಪಾಯದ ಬಟನ್‌ಗೆ ಒಂದರಲ್ಲಿ storage ಎಂದು ಹೆಸರು, ಇನ್ನೊಂದರಲ್ಲಿ data ಎಂದು. ಎರಡೂ ಮಾಡುವ ಕೆಲಸ ಒಂದೇ, ಆ್ಯಪ್‌ನ ಮಾಹಿತಿಯನ್ನೆಲ್ಲ ಅಳಿಸುವುದು. ‘Clear cache’ ತೆಗೆಯುವುದು ತಾತ್ಕಾಲಿಕ ಕಡತಗಳನ್ನು ಮಾತ್ರ.

ನಮ್ಮ ಕಡೆ ಹೆಚ್ಚಾಗಿ ಓಡುವ ಶಿಯೋಮಿ ಫೋನುಗಳಲ್ಲಿ ಇನ್ನೊಂದು ತಮಾಷೆ ಇದೆ. ಆ್ಯಪ್‌ನ ಮಾಹಿತಿಯ ಪುಟದ ಅಡಿಯಲ್ಲಿ ‘Clear data’ ಎಂಬ ಒಂದೇ ಬಟನ್. ಅದನ್ನು ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ, ಅದರಲ್ಲಿ ‘Clear all data’ ಮತ್ತು ‘Clear cache’. ಅಂದರೆ ನೀವು ಪತ್ರದಲ್ಲಿ ‘Clear data ಎಂಬುದನ್ನು ಎಂದಿಗೂ ಒತ್ತಬೇಡಿ’ ಎಂದು ಕೆಂಪು ಅಕ್ಷರದಲ್ಲಿ ಬರೆದರೆ, ಶಿಯೋಮಿ ಇಟ್ಟುಕೊಂಡವರು ‘Clear cache’ ಇರುವ ಜಾಗಕ್ಕೆ ಹೋಗುವುದೇ ಇಲ್ಲ. ಬಟನ್ ಇಲ್ಲವೆಂದು ಅಂಗಡಿಗೆ ಬರುತ್ತಾರೆ. ಬಂದಿದ್ದಾರೆ ಕೂಡ.

ಮೇಷ್ಟ್ರು ಸರ್, ಎಡ, ಬಲ ಎನ್ನುವುದನ್ನೂ ಪೂರ್ತಿ ನಂಬಬೇಡಿ. ಕಣ್ಣು ಮಂಜಾದವರು ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡಿರುತ್ತಾರೆ. ಕನ್ನಡದ ಹೆಸರುಗಳು ಮೊದಲೇ ಉದ್ದ. ಬಟನ್‌ನಲ್ಲಿ ಜಾಗ ಸಾಲದೆ ಎರಡು ಸಾಲಾಗುತ್ತವೆ, ಇಲ್ಲವೇ ಕೊನೆಗೆ ಚುಕ್ಕಿಗಳು ಬಂದು ಅರ್ಧಕ್ಕೆ ನಿಲ್ಲುತ್ತವೆ.

---

ದುಬೈ_ದಾವಣಗೆರೆ

ನನ್ನ ಪ್ರಸಂಗವೂ ಇದೇ ಜಾತಿಯದು, ಸ್ವಲ್ಪ ಬೇರೆ. ಅಮ್ಮ ದಾವಣಗೆರೆಯಲ್ಲಿ, ನಾನು ಇಲ್ಲಿ. ಅವರ ಫೋನ್ ಕನ್ನಡದಲ್ಲಿ, ನನ್ನದು ಇಂಗ್ಲಿಷ್‌ನಲ್ಲಿ. ಭಾನುವಾರ ಕರೆ ಮಾಡಿ ನಾನು ‘ಕ್ಯಾನ್ಸಲ್ ಒತ್ತಮ್ಮ’ ಎಂದರೆ ಅವರು ‘ಹಾಗೆಂದು ಎಲ್ಲೂ ಇಲ್ಲವಲ್ಲೋ’ ಎನ್ನುತ್ತಾರೆ. ಈಗ ನಾನೂ ನನ್ನ ಹಳೆಯ ಫೋನನ್ನು ಕನ್ನಡಕ್ಕೆ ಬದಲಾಯಿಸಿ ಪಕ್ಕದಲ್ಲಿ ಇಟ್ಟುಕೊಂಡೇ ಮಾತನಾಡುತ್ತೇನೆ. ಆದರೆ ಒಂದು ವಿಚಿತ್ರ. ಅಮ್ಮ, ಅಪ್ಪ ಇಬ್ಬರೂ ಒಂದು ಆ್ಯಪ್‌ನ ಒಳಗಿನ ಸೆಟ್ಟಿಂಗ್‌ನಲ್ಲಿ ಕನ್ನಡ ಆರಿಸಿಕೊಂಡಿದ್ದಾರೆ. ಆದರೂ ‘ಸ್ಥಳ ಬಳಸಲು ಅನುಮತಿ ಕೊಡುತ್ತೀರಾ’ ಎಂಬ ಪ್ರಶ್ನೆ ಅಪ್ಪನ ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ಬರುತ್ತದೆ, ಅಮ್ಮನದರಲ್ಲಿ ಕನ್ನಡದಲ್ಲಿ. ಆ್ಯಪ್ ಇಬ್ಬರದೂ ಕನ್ನಡದಲ್ಲೇ ಇದೆ. ಇದೇನು ದೋಷವೇ?

---

ಅಕ್ಷರಪಾಲಕ

ದೋಷವಲ್ಲ. ಅನುಮತಿ ಕೇಳುವ ಚೌಕ ಆ್ಯಪ್‌ನದಲ್ಲ, ಆಂಡ್ರಾಯ್ಡ್‌ನದು. ಅದು ಫೋನಿನ ಭಾಷೆಯನ್ನು ಅನುಸರಿಸುತ್ತದೆ. ನಿಮ್ಮ ಅಪ್ಪನ ಫೋನ್ ಇಂಗ್ಲಿಷ್‌ನಲ್ಲಿರಬೇಕು. ನಾನು ಮೇಲೆ ಹೇಳಿದ ಎರಡು ಪದರಗಳಿಗೆ ಇದು ಒಳ್ಳೆಯ ಸಾಕ್ಷಿ. ಆ ಚೌಕದ ಬಟನ್‌ಗಳ ಹೆಸರೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ: ಹಳೆಯ ಆಂಡ್ರಾಯ್ಡ್‌ನಲ್ಲಿ ‘Deny’ ಇದ್ದದ್ದು ಹೊಸದರಲ್ಲಿ ‘Don't allow’ ಆಗಿದೆ. ಹಾಗಾಗಿ ಬರೀ ‘ಆಂಡ್ರಾಯ್ಡ್ ಫೋನ್’ ಎಂದರೆ ಸಾಲದು, ಆವೃತ್ತಿಯನ್ನೂ ಗುರುತು ಹಾಕಿಕೊಳ್ಳಬೇಕು.

ಮೂರನೆಯ ಪದರವೂ ಒಂದಿದೆ. ಆ್ಯಪ್ ಕನ್ನಡದಲ್ಲಿದ್ದರೂ ಸರ್ವರ್‌ನಿಂದ ಬರುವ ದೋಷಸಂದೇಶ ಎಷ್ಟೋ ಸಲ ಇಂಗ್ಲಿಷ್‌ನಲ್ಲೇ ಇರುತ್ತದೆ, ಏಕೆಂದರೆ ಆ ಸಾಲು ಫೋನಿನೊಳಗೆ ಇಲ್ಲ. ನಾಳೆ ರೇಖಾ ಅವರ ಆ್ಯಪ್‌ಗೆ ಕನ್ನಡ ಬಂದರೂ ‘Unable to sync’ ಹಾಗೆಯೇ ಉಳಿಯಬಹುದು.

---

ರೇಖಾ_ಹಾನಗಲ್

ತುಂಬಾ ಸಹಾಯವಾಯಿತು. ಇವತ್ತು ಗುಂಪಿನಲ್ಲಿ ಕೇಳಿ ನೋಡಿದೆ. ಹೆಚ್ಚಿನವರದು ಶಿಯೋಮಿ ಮತ್ತು ಸ್ಯಾಮ್‌ಸಂಗ್. ಈಗ ಸಮಸ್ಯೆ ಏನೆಂದರೆ, ನನ್ನದು ಸ್ಯಾಮ್‌ಸಂಗ್, ಕನ್ನಡಕ್ಕೆ ಬದಲಾಯಿಸಿ ನೋಡಬಲ್ಲೆ. ಶಿಯೋಮಿಯ ಕನ್ನಡ ಹೆಸರುಗಳನ್ನು ಎಲ್ಲಿಂದ ತರಲಿ? ಕಳುಹಿಸಿದ ಚಿತ್ರಗಳಲ್ಲಿ ಒತ್ತಕ್ಷರಗಳು ಕಾಣುವುದೇ ಇಲ್ಲ.

---

ಕೋಡು_ಬಲ್ಲ

ಆಂಡ್ರಾಯ್ಡ್‌ನ ಮೂಲಸಂಕೇತ ತೆರೆದದ್ದು, ಕನ್ನಡದ ಎಲ್ಲ ಸಾಲುಗಳೂ ಅಲ್ಲಿವೆ. ಸೆಟ್ಟಿಂಗ್‌ಗಳ ಕಡತಕೋಶದಲ್ಲಿ ಇಂಗ್ಲಿಷ್ ಸಾಲು `res/values/strings.xml` ಕಡತದಲ್ಲಿ, ಕನ್ನಡದ್ದು `res/values-kn/strings.xml` ಕಡತದಲ್ಲಿ. ಇಂಗ್ಲಿಷ್ ಕಡತದಲ್ಲಿ ನಿಮಗೆ ಬೇಕಾದ ಸಾಲು ಹುಡುಕಿ, ಅದರ `name` ಏನೆಂದು ನೋಡಿ, ಅದೇ `name` ಕನ್ನಡ ಕಡತದಲ್ಲಿ ಹುಡುಕಿ. ಸ್ಕ್ರೀನ್‌ಶಾಟ್ ಬೇಕಾಗಿಯೇ ಇಲ್ಲ.

---

ಅಕ್ಷರಪಾಲಕ

ವಿಧಾನ ಸರಿ, ಆದರೆ ಈ ಪ್ರಸಂಗಕ್ಕೆ ಅರ್ಧ ಮಾತ್ರ ಸರಿ. ಆ ಕಡತದಲ್ಲಿರುವುದು ಗೂಗಲ್‌ನ ಮೂಲ ಆಂಡ್ರಾಯ್ಡ್‌ನ ಸಾಲುಗಳು. ಶಿಯೋಮಿ, ಸ್ಯಾಮ್‌ಸಂಗ್ ತಮ್ಮದೇ ಸೆಟ್ಟಿಂಗ್ಸ್ ಆ್ಯಪ್ ಕಟ್ಟಿಕೊಂಡಿವೆ, ಕನ್ನಡವನ್ನೂ ತಮ್ಮದೇ ಅನುವಾದಕರಿಂದ ಮಾಡಿಸಿವೆ. ಅವು ಅಲ್ಲಿ ಸಿಗುವುದಿಲ್ಲ. ಪಿಕ್ಸೆಲ್‌ಗೂ ಕೂಡ, ಕಡತದ ಆವೃತ್ತಿ ಬೇರೆ, ಫೋನಿನ ಆವೃತ್ತಿ ಬೇರೆ ಇದ್ದರೆ ಸಾಲು ಬದಲಾಗಿರಬಹುದು.

ಆದರೆ `name` ಹಿಡಿದು ಹುಡುಕುವ ಬುದ್ಧಿ ಒಳ್ಳೆಯದು. ಒಂದೇ ಇಂಗ್ಲಿಷ್ ಪದ ಎರಡು ಕಡೆ ಇದ್ದರೆ ಕನ್ನಡ ಎರಡು ಬಗೆಯಾಗಿರಬಹುದು. ಬರೀ ‘Clear’ ಎಂದು ಹುಡುಕಿದರೆ ಸಿಕ್ಕ ಮೊದಲ ಕನ್ನಡವನ್ನೇ ತಂದುಬಿಡುವ ಅಪಾಯ ಇದೆ. ಫೈರ್‌ಫಾಕ್ಸ್‌ನಂತಹ ಮುಕ್ತ ತಂತ್ರಾಂಶವಾಗಿದ್ದರೆ ಈ ದಾರಿ ಬಲು ಸುಲಭ, ಅದರ ಅನುವಾದಗಳೆಲ್ಲ ಪೊಂಟೂನ್ ಎಂಬ ತಾಣದಲ್ಲಿ ತೆರೆದೇ ಇವೆ.

ರೇಖಾ ಅವರೇ, ನಿಮಗೆ ನನ್ನ ಸಲಹೆ ಸರಳ. ಶಿಯೋಮಿ ಇರುವ ಒಬ್ಬರನ್ನು ಹಿಡಿಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳುಹಿಸಲು ಹೇಳಿ, ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಫೋನಿನ ಮಾಹಿತಿಯ ಪುಟದ ಚಿತ್ರವೂ ಜೊತೆಗಿರಲಿ, ಆವೃತ್ತಿ ತಿಳಿಯುತ್ತದೆ. ಚಿತ್ರದಿಂದ ಅಕ್ಷರ ತೆಗೆಯಬೇಕೆಂದರೆ ಟೆಸೆರಾಕ್ಟ್ ಇದೆ:

```
tesseract shot.png out -l kan+eng
```

ಅದು ಕೊಟ್ಟದ್ದನ್ನು ಕಣ್ಣಿಟ್ಟು ತಿದ್ದಬೇಕು. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತದೆ. ನಾಲ್ಕೇ ಬಟನ್‌ಗಳಾದ್ದರಿಂದ ನೀವು ನೋಡಿಕೊಂಡು ಕೈಯಲ್ಲಿ ಬೆರಳಚ್ಚು ಮಾಡುವುದೇ ಮೇಲು. ಆಮೇಲೆ ಪಟ್ಟಿಯೊಂದನ್ನು ಇಟ್ಟುಕೊಳ್ಳಿ: ಯಾವ ಪುಟ, ಇಂಗ್ಲಿಷ್ ಹೆಸರು, ಕನ್ನಡದ ಹೆಸರು, ಯಾವ ಫೋನ್ ಮತ್ತು ಆವೃತ್ತಿ. ಪತ್ರದೊಳಗೆ ಬರುವ ಪ್ರತಿ ಹೆಸರೂ ಆ ಪಟ್ಟಿಯಿಂದಲೇ ಬರಬೇಕು, ನೆನಪಿನಿಂದಲ್ಲ.

---

ಚಿತ್ರಾ_ರಾಣೆಬೆನ್ನೂರು

ಚಿತ್ರ ತರಿಸಿಕೊಳ್ಳುವಾಗ ಒಂದು ಮಾತು. ಸಮೀಕ್ಷೆಯ ಪುಟದ ಸ್ಕ್ರೀನ್‌ಶಾಟ್‌ನಲ್ಲಿ ಮನೆಯವರ ಹೆಸರು, ಫೋನ್ ಸಂಖ್ಯೆ ಇರುತ್ತವೆ. ಅದನ್ನು ಮಾರ್ಕರ್‌ನಿಂದ ಗೀಚಿ ಮುಚ್ಚಿದರೆ ಸಾಲದು, ಅರೆಪಾರದರ್ಶಕ ಬಣ್ಣವಾದರೆ ಬೆಳಕು ಹೆಚ್ಚಿಸಿದಾಗ ಕೆಳಗಿನದು ಕಾಣುತ್ತದೆ. ಗಟ್ಟಿ ಬಣ್ಣದ ಚೌಕ ಹಾಕಿ, ಇಲ್ಲವೇ ಆ ಭಾಗವನ್ನೇ ಕತ್ತರಿಸಿ.

ಫೋನ್ ಕನ್ನಡಕ್ಕೆ ಬದಲಾಯಿಸಿ ವಾಪಸ್ ಬರಲು ಆಗುವುದಿಲ್ಲವೇನೋ ಎಂದು ಹೆದರುವವರಿಗೆ: ಭಾಷೆಗಳ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ, English ಎಂಬುದು English ಎಂದೇ ಕಾಣುತ್ತದೆ. ಹೋಗುವ ದಾರಿಯಲ್ಲಿ ಎಷ್ಟನೆಯ ಸಾಲು ಒತ್ತಿದಿರಿ ಎಂದು ನೋಡಿಕೊಂಡಿದ್ದರೆ ಸಾಕು.

---

ಶಿವಮೊಗ್ಗದ_ಮೇಷ್ಟ್ರು

ಸರಿ, ಹೆಸರು ಪರದೆಯದ್ದೇ ಇರಲಿ, ಅಷ್ಟು ಒಪ್ಪಿದೆ. ಆದರೆ ಕನ್ನಡದ ಬಟನ್ ಹೆಸರನ್ನು ಕನ್ನಡದ ವಾಕ್ಯದೊಳಗೆ ಇಡುವಾಗ ಬೇರೊಂದು ತೊಡಕು ಇದೆ, ಅದನ್ನು ಯಾರೂ ಎತ್ತಲಿಲ್ಲ. ಹಳೆಯ ಪತ್ರದ ಸಾಲನ್ನೇ ನೋಡಿ: ‘ಸಂಗ್ರಹವನ್ನು ಅಳಿಸಿ ಮತ್ತೆ ಪ್ರಯತ್ನಿಸಿ’. ಇಲ್ಲಿ ‘ಅಳಿಸಿ’ ಎಂಬುದು ಬಟನ್‌ನ ಹೆಸರೋ, ‘ಅಳಿಸಿದ ನಂತರ’ ಎಂದೋ, ‘ದಯವಿಟ್ಟು ಅಳಿಸಿರಿ’ ಎಂದೋ? ಕನ್ನಡದಲ್ಲಿ ಮೂರಕ್ಕೂ ಒಂದೇ ರೂಪ. ‘ರದ್ದುಮಾಡಿ ಒತ್ತಿ’ ಎಂದು ಬರೆದರೆ, ಏನನ್ನೋ ರದ್ದು ಮಾಡಿ ಆಮೇಲೆ ಇನ್ನೇನನ್ನೋ ಒತ್ತಬೇಕು ಎಂದು ಓದಬಹುದು. ಇಂಗ್ಲಿಷ್‌ನಲ್ಲಿ ಹೆಸರಿನ ಮೊದಲಕ್ಷರ ದೊಡ್ಡದಿರುವುದರಿಂದ ವಾಕ್ಯದೊಳಗೆ ಎದ್ದು ಕಾಣುತ್ತದೆ. ನಮಗೆ ಆ ಅನುಕೂಲ ಇಲ್ಲ.

---

ಅಕ್ಷರಪಾಲಕ

ಮೇಷ್ಟ್ರೇ, ಇದು ಸೊಗಸಾದ ಮಾತು, ನನ್ನ ಕೆಲಸದಲ್ಲಿ ದಿನವೂ ಕಾಡುವಂಥದ್ದು. ನಾವು ಮಾಡುವುದು ಇಷ್ಟು. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ದಪ್ಪ ಅಕ್ಷರ ಮಾಡುತ್ತೇವೆ. ಅದರ ಹಿಂದೆ ‘ಎಂಬ ಬಟನ್’ ಎಂದು ತಪ್ಪದೆ ಸೇರಿಸುತ್ತೇವೆ, ಏಕೆಂದರೆ ಪತ್ರವನ್ನು ಒಬ್ಬರು ಓದಿ ಇನ್ನೊಬ್ಬರು ಕೇಳುವಾಗ ಉದ್ಧರಣ ಚಿಹ್ನೆ ಕೇಳಿಸುವುದಿಲ್ಲ. ವಿಭಕ್ತಿಯನ್ನು ಹೆಸರಿಗೆ ಅಂಟಿಸುವುದಿಲ್ಲ. ‘ಸೆಟ್ಟಿಂಗ್‌ಗಳಿಗೆ’ ಎಂದು ಬರೆದರೆ ಪರದೆಯಲ್ಲಿರುವ ‘ಸೆಟ್ಟಿಂಗ್‌ಗಳು’ ಎಂಬುದಕ್ಕಿಂತ ಬಾಲ ಬೇರೆಯಾಯಿತು. ಮಾತಿನಲ್ಲಿ ಪರವಾಗಿಲ್ಲ, ಆಕಾರ ಹೋಲಿಸುವವರಿಗೆ ತೊಂದರೆ. ‘ಸೆಟ್ಟಿಂಗ್‌ಗಳು’ ಎಂಬುದನ್ನು ತೆರೆಯಿರಿ ಎಂದರೆ ಹೆಸರು ಅಖಂಡವಾಗಿ ಉಳಿಯುತ್ತದೆ.

ಒಂದು ವಾಕ್ಯಕ್ಕೆ ಒಂದೇ ಒತ್ತು. ‘ಇದನ್ನು ಒತ್ತಿ ಅದನ್ನು ಆರಿಸಿ ಇನ್ನೊಂದನ್ನು ತೆರೆದು’ ಎಂದು ಪೋಣಿಸಿದರೆ ಮತ್ತೆ ಅದೇ ಗೊಂದಲ. (‘ಗುಂಡಿ’ ಬಿಟ್ಟು ‘ಬಟನ್’ ಎನ್ನುತ್ತಿರುವುದಕ್ಕೆ ಕ್ಷಮಿಸಿ. ಗುಂಡಿ ಎಂದರೆ ನನಗೆ ನಮ್ಮ ಬಡಾವಣೆಯ ರಸ್ತೆಯೇ ನೆನಪಾಗುತ್ತದೆ.)

---

ರೇಖಾ_ಹಾನಗಲ್

ಹೊಸ ಪತ್ರದ ಕರಡು ಹಾಕುತ್ತಿದ್ದೇನೆ. ಇದು ಸ್ಯಾಮ್‌ಸಂಗ್‌ನ ಇಂಗ್ಲಿಷ್ ಫೋನಿನದು. ಕನ್ನಡ ಫೋನಿನವರಿಗೆ ಇದರ ಜೋಡಿ ಪತ್ರ ಬೇರೆ ಮಾಡುತ್ತೇನೆ, ಎರಡೂ ಭಾಷೆ ಒಂದೇ ಹಾಳೆಯಲ್ಲಿ ಇಟ್ಟು ನೋಡಿದೆ, ಕಿಕ್ಕಿರಿದು ಹೋಯಿತು.

> ಪರದೆಯ ಮೇಲೆ ‘Unable to sync. 14 records pending.’ ಎಂದು ಬಂದರೆ, ಕಳುಹಿಸದ ನಮೂನೆಗಳು ಇನ್ನೂ ನಿಮ್ಮ ಫೋನಿನಲ್ಲಿವೆ ಎಂದು ಅರ್ಥ. 14ರ ಜಾಗದಲ್ಲಿ ಬೇರೆ ಸಂಖ್ಯೆ ಇರಬಹುದು. ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.
>
> ಆ್ಯಪ್‌ನ ಚಿತ್ರದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ‘i’ ಎಂಬ ಗುರುತು ಬರುತ್ತದೆ. ಅದನ್ನು ಒತ್ತಿ.
>
> ‘Storage’ ಎಂಬ ಸಾಲನ್ನು ಒತ್ತಿ.
>
> ‘Clear cache’ ಎಂಬ ಬಟನ್ ಒತ್ತಿ. ಇದು ತಾತ್ಕಾಲಿಕ ಕಡತಗಳನ್ನು ತೆಗೆಯುತ್ತದೆ.
>
> ಅದರ ಪಕ್ಕದ ‘Clear data’ ಎಂಬ ಬಟನ್ ಒತ್ತಬೇಡಿ. ಅದು ನಮೂನೆಗಳನ್ನೂ ಲಾಗಿನ್ ಅನ್ನೂ ತೆಗೆಯುತ್ತದೆ, ಮತ್ತೆ ಸಿಗುವುದಿಲ್ಲ.
>
> ಆ್ಯಪ್ ತೆರೆಯಿರಿ. ‘Sync now’ ಎಂಬ ಬಟನ್ ಒತ್ತಿ.

ಹೇಗಿದೆ?

---

ಚಿತ್ರಾ_ರಾಣೆಬೆನ್ನೂರು

ಚೆನ್ನಾಗಿದೆ ಅಕ್ಕ. ಒಂದು ತಡೆ ಸೇರಿಸಿ. ಸ್ಯಾಮ್‌ಸಂಗ್‌ನಲ್ಲಿ ‘Clear cache’ ಒತ್ತಿದರೆ ಫೋನ್ ಏನನ್ನೂ ಕೇಳುವುದಿಲ್ಲ, ಅಂಕಿ ಸೊನ್ನೆಯಾಗುತ್ತದೆ, ಅಷ್ಟೇ. ‘Clear data’ ಒತ್ತಿದರೆ ಮಾತ್ರ ಆ್ಯಪ್‌ನ ಮಾಹಿತಿಯೆಲ್ಲ ಶಾಶ್ವತವಾಗಿ ಹೋಗುತ್ತದೆ ಎಂಬ ಎಚ್ಚರಿಕೆಯ ಚೌಕ ಬರುತ್ತದೆ. ಆದ್ದರಿಂದ ‘ಎಚ್ಚರಿಕೆಯ ಪ್ರಶ್ನೆ ಬಂದರೆ ನೀವು ಒತ್ತಿದ್ದು ತಪ್ಪು ಬಟನ್, ‘Cancel’ ಎಂಬ ಬಟನ್ ಒತ್ತಿ ಹಿಂದಕ್ಕೆ ಬನ್ನಿ’ ಎಂದು ಬರೆಯಿರಿ. ತಪ್ಪು ಒತ್ತಿದವರನ್ನು ಆ ಹೆಜ್ಜೆಯಲ್ಲಿ ಇನ್ನೂ ಹಿಡಿದು ನಿಲ್ಲಿಸಬಹುದು.

ಆದರೆ ಈ ಸಾಲನ್ನು ಶಿಯೋಮಿ ಪತ್ರಕ್ಕೆ ಹಾಗೆಯೇ ಅಂಟಿಸಬೇಡಿ. ಅಲ್ಲಿ ‘Clear cache’ ಒತ್ತಿದರೂ ಒಂದು ಪ್ರಶ್ನೆ ಬರುತ್ತದೆ. ಪ್ರಶ್ನೆಯಲ್ಲಿ cache ಎಂದಿದೆಯೇ, data ಎಂದಿದೆಯೇ ಎಂದು ಓದಿ ಮುಂದುವರಿಯಬೇಕು.

---

ಅಕ್ಷರಪಾಲಕ

ಚಿತ್ರಾ ಅವರ ಮಾತು ನೂರಕ್ಕೆ ನೂರು. ನನ್ನದು ಎರಡು ಸಣ್ಣ ತಿದ್ದುಪಡಿ. ದೋಷಸಂದೇಶದ ಎರಡನೆಯ ಸಾಲು, ‘Clear app cache and retry.’ ಎಂಬುದನ್ನೂ ಇಂಗ್ಲಿಷ್‌ನಲ್ಲೇ ಪೂರ್ತಿ ಕೊಡಿ. ‘Unable to sync’ ಎಂದು ಶುರುವಾಗುವ ಬೇರೆ ದೋಷಗಳೂ ಇರಬಹುದು, ನೆಟ್‌ವರ್ಕ್ ಇಲ್ಲದಾಗ, ಲಾಗಿನ್ ಅವಧಿ ಮುಗಿದಾಗ. ಅವುಗಳಿಗೆ ಈ ಮದ್ದು ಅಲ್ಲ. ಎರಡು ಸಾಲೂ ಹೊಂದಿದರೆ ಮಾತ್ರ ಮುಂದುವರಿಯಿರಿ ಎನ್ನಿ.

ಎರಡನೆಯದು, ಪತ್ರದ ಅಡಿಯಲ್ಲಿ ಯಾವ ಫೋನ್, ಯಾವ ಆಂಡ್ರಾಯ್ಡ್ ಆವೃತ್ತಿ, ಆ್ಯಪ್‌ನ ಯಾವ ಆವೃತ್ತಿ ನೋಡಿ ಬರೆದದ್ದು ಎಂದು ಒಂದು ಸಾಲು ಹಾಕಿ. ಆ್ಯಪ್ ಹೊಸದಾಗಿ ಬಂದಾಗ ಯಾವ ಪತ್ರ ಹಳತಾಯಿತೆಂದು ನಿಮಗೇ ತಿಳಿಯುತ್ತದೆ.

---

ಕೋಡು_ಬಲ್ಲ

ಬಟನ್ ಹೆಸರಿನ ಮಾತು ಬಿಟ್ಟು ನನಗೆ ಬೇರೆ ಅನುಮಾನ. ಆ ದೋಷಸಂದೇಶವೇ ನಂಬತಕ್ಕದ್ದೇ? ಕ್ಯಾಷ್ ಎಂಬುದು ಆ್ಯಪ್ ತನ್ನ ಅನುಕೂಲಕ್ಕೆ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ. ಫೋನಿನಲ್ಲಿ ಜಾಗ ಸಾಲದಾದಾಗ ಆಂಡ್ರಾಯ್ಡ್ ತಾನೇ ಅದನ್ನು ತೆಗೆಯಬಹುದು. ಒಳ್ಳೆಯ ಆ್ಯಪ್ ಮುಖ್ಯ ದಾಖಲೆಯನ್ನು ಅಲ್ಲಿ ಇಡುವುದಿಲ್ಲ. ಆದರೆ ಅವಸರದಲ್ಲಿ ಕಟ್ಟಿದ ಆ್ಯಪ್‌ಗಳು ಕಳುಹಿಸಬೇಕಾದ ಫೋಟೊಗಳನ್ನು ಕ್ಯಾಷ್‌ನಲ್ಲೇ ಇಟ್ಟಿರುವುದನ್ನು ನಾನು ಕಂಡಿದ್ದೇನೆ. ನಿಮ್ಮ ಸಮೀಕ್ಷೆಯಲ್ಲಿ ಮನೆಯ ಫೋಟೊ ತೆಗೆಯುವುದಿದೆಯೇ? ಇದ್ದರೆ ಸರಿಯಾದ ಬಟನ್ ಒತ್ತಿದವರ ನಮೂನೆ ಉಳಿದು ಫೋಟೊ ಮಾತ್ರ ಹೋಗಬಹುದು.

---

ರೇಖಾ_ಹಾನಗಲ್

ಫೋಟೊ ಇದೆ, ಪ್ರತಿ ನಮೂನೆಗೂ ಒಂದು. ಇದನ್ನು ಯೋಚಿಸಿಯೇ ಇರಲಿಲ್ಲ.

---

ಕೋಡು_ಬಲ್ಲ

ಹಾಗಾದರೆ ಹಂಚುವ ಮೊದಲು ಪರೀಕ್ಷೆ ಮಾಡಿ. ತರಬೇತಿಗೆ ಬಳಸುವ ಲಾಗಿನ್ ಇದ್ದರೆ ಅದರಲ್ಲಿ ಒಂದು ಸುಳ್ಳು ನಮೂನೆ ತುಂಬಿ, ಫೋಟೊ ಸೇರಿಸಿ, ಇಂಟರ್‌ನೆಟ್ ಆಫ್ ಮಾಡಿಡಿ. ‘Clear cache’ ಒತ್ತಿ, ಆ್ಯಪ್ ತೆರೆದು ಆ ನಮೂನೆಯ ಫೋಟೊ ಇನ್ನೂ ಕಾಣುತ್ತದೆಯೇ ನೋಡಿ. ಕಂಡರೂ ಅದು ಗ್ಯಾಲರಿಯಿಂದ ಬಂದದ್ದಾಗಿರಬಹುದು, ಆದ್ದರಿಂದ ಕೊನೆಗೆ ಸಿಂಕ್ ಮಾಡಿ ಮೇಲಿನವರಿಗೆ ಫೋಟೊ ತಲುಪಿತೇ ಎಂದು ಕೇಳಿ.

---

ಶಿವಮೊಗ್ಗದ_ಮೇಷ್ಟ್ರು

ಆ್ಯಪ್ ಮಾಡಿದವರನ್ನೇ ಕೇಳಿದರೆ ಆಗುವುದಿಲ್ಲವೇ? ಜೊತೆಗೆ ಆ ಸಂದೇಶವನ್ನೇ ಕನ್ನಡದಲ್ಲಿ ಕೊಡಿ ಎಂದೂ ಕೇಳಬಹುದು. ಸಮೀಕ್ಷೆ ಕರ್ನಾಟಕದಲ್ಲಿ, ಮಾಡುವವರು ಕನ್ನಡಿಗರು, ಆ್ಯಪ್ ಮಾತ್ರ ಇಂಗ್ಲಿಷ್‌ನಲ್ಲಿ ಇರಬೇಕೇ?

---

ಅಕ್ಷರಪಾಲಕ

ಕೇಳಲೇಬೇಕು. ಆದರೆ ಎಚ್ಚರ ಮೇಷ್ಟ್ರೇ, ಆ್ಯಪ್ ಕನ್ನಡಕ್ಕೆ ಬಂದ ದಿನ ರೇಖಾ ಅವರ ಪತ್ರದ ‘Sync now’ ಪರದೆಯಿಂದ ಮಾಯವಾಗುತ್ತದೆ. ಅದನ್ನು ಅವರಿಗೆ ಮುಂಚೆ ತಿಳಿಸುವವರು ಯಾರೆಂದೂ ಕೇಳಿಕೊಳ್ಳಿ.

---

ರೇಖಾ_ಹಾನಗಲ್

ಸಹಾಯವಾಣಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ತರಬೇತಿಯ ಲಾಗಿನ್ ನಾಳೆ ಸಿಗುತ್ತದೆ, ಸ್ಯಾಮ್‌ಸಂಗ್ ಮತ್ತು ಶಿಯೋಮಿ ಎರಡರಲ್ಲೂ ಫೋಟೊ ಪರೀಕ್ಷೆ ಮಾಡುತ್ತೇನೆ. ಅಲ್ಲಿಯವರೆಗೆ ಗುಂಪಿನಲ್ಲಿ ‘ಈ ಸಂದೇಶ ಬಂದರೆ ಏನನ್ನೂ ಒತ್ತಬೇಡಿ, ಸಂಖ್ಯೆ ಬರೆದಿಟ್ಟುಕೊಂಡು ನನಗೆ ಕರೆ ಮಾಡಿ’ ಎಂದು ಹಾಕಿದ್ದೇನೆ. ಚಿತ್ರಾ ಅವರೇ, ನಿಮ್ಮ ಅಂಗಡಿಯಲ್ಲಿ ಕನ್ನಡಕ್ಕೆ ಬದಲಾಯಿಸಿದ ಶಿಯೋಮಿ ಇದ್ದರೆ ಆ ಪಟ್ಟಿ ತೆರೆದ ಪುಟದ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸುತ್ತೀರಾ?

---

ಚಿತ್ರಾ_ರಾಣೆಬೆನ್ನೂರು

ಎರಡು ಇವೆ, ಆವೃತ್ತಿ ಬೇರೆ ಬೇರೆ. ಎರಡರದೂ ಕಳುಹಿಸುತ್ತೇನೆ, ಹೆಸರು ಒಂದೇ ಇದೆಯೋ ಇಲ್ಲವೋ ನೀವೇ ಹೋಲಿಸಿಕೊಳ್ಳಿ.